ಸೈಕ್ಲಿನ್‌ಗಳ ಏರಿಳಿತ ಮತ್ತು ಕೋಶಚಕ್ರ: ಉಪ್ಪುಂದದ ಒಂದು ಪಾಠದಿಂದ

ಬೋಧನಾಭ್ಯಾಸದ ಎರಡನೇ ವಾರ ಉಪ್ಪುಂದದ ಪ್ರೌಢಶಾಲೆಯೊಂದರಲ್ಲಿ 9ನೇ ತರಗತಿಗೆ ಕೋಶವಿಭಜನೆಯ ಪಾಠ ಮಾಡುತ್ತಿದ್ದೆ. ಚಾರ್ಟ್ ಚೆನ್ನಾಗಿತ್ತು. ವರ್ಣತಂತುಗಳನ್ನು ಬಣ್ಣದ ನೂಲಿನಿಂದ ಅಂಟಿಸಿದ್ದೆ. ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿದು, ಮೌಲ್ಯಮಾಪನದ ಪ್ರಶ್ನೆಗಳಿಗೆ ಐದು ನಿಮಿಷ ಉಳಿದಿತ್ತು. ಆಗ ಕಿಟಕಿಯ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಈಗ ಎರಡ್ ಆಯ್ಕ್ ಅಂದೇಳಿ ಅದ್ಕ್ ಹ್ಯಾಂಗ್ ಗೊತ್ತಾತ್ತ್?"

ನಾನು ತಡವರಿಸದೆ ಉತ್ತರಿಸಿದೆ: "ಕೋಶಕೇಂದ್ರ ಆಜ್ಞೆ ಕೊಡುತ್ತದೆ." ಅವಳು ಕುಳಿತುಕೊಂಡಳು, ಗಂಟೆ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಮೇಡಂ ನನ್ನ ವೀಕ್ಷಣಾ ಪುಸ್ತಕದಲ್ಲಿ ಚಾರ್ಟನ್ನು ಮೆಚ್ಚಿ ಒಂದು ಸಾಲು ಬರೆದಿದ್ದರು. ಅದರ ಕೆಳಗೆ, "ಕೊನೆಯ ಉತ್ತರಕ್ಕೆ ಆಧಾರವೇನು?" ಎಂದಿತ್ತು.

ಆಧಾರ ಇರಲಿಲ್ಲ. ಬಿಎಸ್ಸಿಯಲ್ಲಿ ಸೈಕ್ಲಿನ್, ಸಿಡಿಕೆ ಎಂಬ ಹೆಸರುಗಳನ್ನು ಓದಿ ಎಂಟು ಅಂಕದ ಉತ್ತರ ಬರೆದವಳು ನಾನು. ಆದರೆ ಆ ಉತ್ತರಕ್ಕೂ ಈ ಹುಡುಗಿಯ ಪ್ರಶ್ನೆಗೂ ಸಂಬಂಧವಿದೆ ಎಂಬುದು ಆ ಕ್ಷಣ ಹೊಳೆಯಲೇ ಇಲ್ಲ. ಮುಂದಿನ ವಾರ ಅದೇ ತರಗತಿಗೆ ಮತ್ತೊಂದು ಅವಧಿ ಕೇಳಿ ಪಡೆದು ಉತ್ತರವನ್ನು ತಿದ್ದಿದೆ. ಆ ನಡುವೆ ಓದಿ ತಿಳಿದದ್ದನ್ನೂ ತರಗತಿಯಲ್ಲಿ ಅದನ್ನು ಹೇಳಿದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ.

ಆಜ್ಞೆ ಎಲ್ಲಿಂದ ಬರುತ್ತದೆ?

ಮೊದಲು ನನ್ನ ತಪ್ಪು ಉತ್ತರವನ್ನೇ ಪರೀಕ್ಷಿಸೋಣ. ಕೋಶಕೇಂದ್ರವೇ ಆಜ್ಞೆ ಕೊಡುವುದಾದರೆ, ಅದನ್ನು ತೆಗೆದುಬಿಟ್ಟ ಮೇಲೆ ಕೋಶದಲ್ಲಿ ಯಾವ ಚಕ್ರವೂ ನಡೆಯಬಾರದು. 1980ರಲ್ಲಿ ಹಾರಾ, ಟೈಡ್‌ಮನ್ ಮತ್ತು ಕರ್ಶ್ನರ್ ಆಫ್ರಿಕಾದ ಕಪ್ಪೆ ಝೆನೋಪಸ್‌ನ ಮೊಟ್ಟೆಗಳಲ್ಲಿ ಇದನ್ನು ನೋಡಿದರು. ಈ ಮೊಟ್ಟೆ ವಿಭಜನೆಯಾಗುವ ಹೊತ್ತಿಗೆ ಅದರ ಮೇಲ್ಮೈಯಲ್ಲಿ ಒಂದು ಸಂಕೋಚನದ ಅಲೆ ಹಾದು ಹೋಗುತ್ತದೆ. ಕೋಶಕೇಂದ್ರವಿಲ್ಲದ ಮೊಟ್ಟೆಯ ಭಾಗ ಎರಡಾಗಲಿಲ್ಲ, ನಿಜ. ಆದರೆ ಅದರ ಮೇಲ್ಮೈ ಮಾತ್ರ ಸುಮಾರು ಅರ್ಧ ತಾಸಿಗೊಮ್ಮೆ, ಪಕ್ಕದ ಮೊಟ್ಟೆಗಳು ವಿಭಜನೆಯಾಗುವ ಲಯದಲ್ಲೇ, ಸಂಕುಚಿಸುತ್ತ ಹೋಯಿತು. ಅಂದರೆ ಗಡಿಯಾರ ಕೋಶದ್ರವ್ಯದಲ್ಲಿತ್ತು.

ಇದಕ್ಕೂ ಮುಂಚೆ, 1970ರಲ್ಲಿ, ಭಾರತೀಯ ಮೂಲದ ಪೋತು ರಾವ್ ಮತ್ತು ಅವರ ಜೊತೆಗಾರ ರಾಬರ್ಟ್ ಜಾನ್ಸನ್ ಅಮೆರಿಕದಲ್ಲಿ ಮನುಷ್ಯನ ಹೀಲಾ ಕೋಶಗಳನ್ನು ಎರಡೆರಡಾಗಿ ಬೆಸೆದಿದ್ದರು. ಮೈಟಾಸಿಸ್‌ನಲ್ಲಿರುವ ಒಂದು ಕೋಶವನ್ನು, ಇನ್ನೂ ವಿಭಜನೆಗೆ ಸಿದ್ಧವಿಲ್ಲದ ಇನ್ನೊಂದು ಕೋಶದ ಜೊತೆ ಬೆಸೆದಾಗ, ಸಿದ್ಧವಿಲ್ಲದ ಕೋಶಕೇಂದ್ರದೊಳಗಿನ ವರ್ಣತಂತುಗಳೂ ಅಕಾಲದಲ್ಲಿ ಸಾಂದ್ರವಾದವು. ಆಜ್ಞೆ ಕೊಡಬೇಕಿದ್ದ ಕೋಶಕೇಂದ್ರ ಇಲ್ಲಿ ಪಕ್ಕದ ಕೋಶದ್ರವ್ಯದಲ್ಲಿ ಬಂದ ಯಾವುದೋ ವಸ್ತುವಿನ ಆಜ್ಞೆ ಪಾಲಿಸುತ್ತಿತ್ತು. 1971ರಲ್ಲಿ ಮಸುಯಿ ಮತ್ತು ಮಾರ್ಕರ್ಟ್, ಪಕ್ವವಾದ ಕಪ್ಪೆ ಮೊಟ್ಟೆಯ ಕೋಶದ್ರವ್ಯವನ್ನು ಚುಚ್ಚಿ ಅಪಕ್ವ ಮೊಟ್ಟೆಯನ್ನು ಪಕ್ವಗೊಳಿಸಿದರು. ಆ ಅಜ್ಞಾತ ವಸ್ತುವಿಗೆ ಎಂಪಿಎಫ್ ಎಂಬ ಹೆಸರೂ ಬಂತು. ಹೆಸರು ಬಂದರೂ ಅದು ಏನು ಎಂಬುದು ಗೊತ್ತಾಗಲು ಇನ್ನೂ ಹದಿನೈದಕ್ಕೂ ಹೆಚ್ಚು ವರ್ಷ ಹಿಡಿಯಿತು.

ಕಪ್ಪಾಗಬೇಕಿದ್ದ ಪಟ್ಟಿ ಮಾಯವಾದದ್ದು

ತರಗತಿಗೆ ಹೇಳಲು ನಾನು ಆರಿಸಿಕೊಂಡ ಪ್ರಯೋಗ ಟಿಮ್ ಹಂಟ್ ಅವರದು. 1982ರ ಬೇಸಿಗೆಯಲ್ಲಿ ಅವರು ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನ ಪ್ರಯೋಗಾಲಯದಲ್ಲಿದ್ದರು. ಅಲ್ಲಿ ಸುಲಭವಾಗಿ ಸಿಗುವ ಜೀವಿ ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲಪ್ರಾಣಿ. ಕಡಲ ಪಕ್ಕದ ಊರಿನ ಮಕ್ಕಳಿಗೆ ಇದು ಹತ್ತಿರವಾಗುತ್ತದೆ ಎಂಬ ಲೆಕ್ಕಾಚಾರವೂ ನನ್ನ ಆಯ್ಕೆಯ ಹಿಂದೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕಿಂತ ಮುಖ್ಯ ಕಾರಣ ಬೇರೆ ಇದೆ. ಈ ಪ್ರಾಣಿಯ ಸಾವಿರಾರು ಮೊಟ್ಟೆಗಳಿಗೆ ಒಂದೇ ಹೊತ್ತಿಗೆ ವೀರ್ಯಾಣು ಬೆರೆಸಿದರೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎರಡಾಗುತ್ತವೆ, ಮತ್ತೆ ಒಂದೇ ಹೊತ್ತಿಗೆ ನಾಲ್ಕಾಗುತ್ತವೆ. ಹಾಗಾಗಿ ಪಾತ್ರೆಯಿಂದ ಒಂದು ಹನಿ ತೆಗೆದರೆ ಅದರಲ್ಲಿರುವ ಎಲ್ಲ ಕೋಶಗಳೂ ಚಕ್ರದ ಒಂದೇ ಘಟ್ಟದಲ್ಲಿರುತ್ತವೆ. ಈರುಳ್ಳಿ ಬೇರಿನ ತುದಿಯಲ್ಲಿ ಹೀಗಿಲ್ಲ. ಅಲ್ಲಿ ಒಂದೊಂದು ಕೋಶ ಒಂದೊಂದು ಹಂತದಲ್ಲಿರುವುದರಿಂದ ಎಲ್ಲವನ್ನೂ ಜಜ್ಜಿ ಅಳೆದರೆ ಸರಾಸರಿ ಸಿಗುತ್ತದೆಯೇ ಹೊರತು ಏರಿಳಿತ ಕಾಣುವುದಿಲ್ಲ.

ಸೀ ಅರ್ಚಿನ್ ಮೊಟ್ಟೆ ವಿಭಜನೆಯಾಗಲು ಹೊಸ ಪ್ರೋಟೀನ್ ತಯಾರಾಗಲೇಬೇಕು, ಆ ತಯಾರಿಯನ್ನು ತಡೆದರೆ ವಿಭಜನೆಯೂ ನಿಲ್ಲುತ್ತದೆ ಎಂಬುದು ಆಗಲೇ ಗೊತ್ತಿತ್ತು. ಹಂಟ್ ಮಾಡಿದ್ದು ಸರಳ ಕೆಲಸ. ಫಲಿತ ಮೊಟ್ಟೆಗಳಿರುವ ನೀರಿಗೆ ವಿಕಿರಣಶೀಲ ಗಂಧಕವಿರುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಸೇರಿಸಿದರು. ಅಂದಿನಿಂದ ಮೊಟ್ಟೆ ತಯಾರಿಸುವ ಪ್ರತಿ ಹೊಸ ಪ್ರೋಟೀನಿಗೂ ಈ ಗುರುತು ಸೇರಿಕೊಳ್ಳುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದಿಷ್ಟು ಮೊಟ್ಟೆ ತೆಗೆದು, ಅವುಗಳ ಪ್ರೋಟೀನ್‌ಗಳನ್ನು ಜೆಲ್ ಮೇಲೆ ಗಾತ್ರದ ಪ್ರಕಾರ ಬೇರ್ಪಡಿಸಿ, ಎಕ್ಸ್-ರೇ ಫಿಲ್ಮಿನ ಮೇಲಿಟ್ಟರು. ಗುರುತಿರುವ ಪ್ರತಿ ಪ್ರೋಟೀನ್ ಫಿಲ್ಮಿನಲ್ಲಿ ಒಂದು ಕಪ್ಪು ಪಟ್ಟಿಯಾಗಿ ಕಾಣುತ್ತದೆ.

ಇಲ್ಲಿ ತರಗತಿಯಲ್ಲಿ ಸ್ವಲ್ಪ ನಿಲ್ಲಬೇಕು. ಫಿಲ್ಮಿನಲ್ಲಿ ಏನು ಕಾಣಬೇಕಿತ್ತು ಎಂದು ಮಕ್ಕಳನ್ನೇ ಕೇಳಬೇಕು. ಗುರುತು ನೀರಿನಲ್ಲಿ ಇದ್ದೇ ಇದೆ, ಪ್ರೋಟೀನ್ ತಯಾರಿ ನಡೆಯುತ್ತಲೇ ಇದೆ. ಹಾಗಾದರೆ ಸಮಯ ಹೋದಂತೆ ಪ್ರತಿ ಪಟ್ಟಿಯೂ ಹೆಚ್ಚು ಹೆಚ್ಚು ಕಪ್ಪಾಗಬೇಕು, ಯಾವುದೂ ಮಸುಕಾಗಬಾರದು. ಬಹುತೇಕ ಪಟ್ಟಿಗಳು ಹಾಗೆಯೇ ಆದವು. ಒಂದು ಪಟ್ಟಿ ಮಾತ್ರ ಮೊದಲು ಎಲ್ಲಕ್ಕಿಂತ ಜೋರಾಗಿ ಕಪ್ಪಾಗುತ್ತ ಹೋಗಿ, ಕೋಶ ಎರಡಾಗುವ ಸ್ವಲ್ಪ ಮುಂಚೆ ಏಕಾಏಕಿ ಮಾಯವಾಯಿತು. ಮುಂದಿನ ಚಕ್ರದಲ್ಲಿ ಮತ್ತೆ ಕಾಣಿಸಿಕೊಂಡು ಮತ್ತೆ ಮಾಯವಾಯಿತು. ಗುರುತು ಹಚ್ಚಿದ ಪ್ರೋಟೀನ್ ಕಾಣೆಯಾಗಲು ಒಂದೇ ದಾರಿ, ಯಾರೋ ಅದನ್ನು ನಾಶಮಾಡುತ್ತಿರಬೇಕು. ಪ್ರೋಟೀನಿನ ತಯಾರಿಯನ್ನು ಹೆಚ್ಚುಕಡಿಮೆ ಮಾಡಿ ಕೋಶ ಕೆಲಸ ನಡೆಸುತ್ತದೆ ಎಂದಷ್ಟೇ ಯೋಚಿಸುತ್ತಿದ್ದ ಕಾಲದಲ್ಲಿ, ಒಂದು ಪ್ರೋಟೀನನ್ನು ಶ್ರಮಪಟ್ಟು ತಯಾರಿಸಿ ಪ್ರತಿ ಚಕ್ರದಲ್ಲೂ ಪೂರ್ತಿ ಒಡೆದುಹಾಕುವುದು ವಿಚಿತ್ರವಾಗಿ ಕಂಡಿತು. 1983ರಲ್ಲಿ ಹಂಟ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸುವಾಗ ಆ ಪ್ರೋಟೀನಿಗೆ ಸೈಕ್ಲಿನ್ ಎಂದು ಹೆಸರಿಟ್ಟರು.

ಮಟ್ಟ ಏರುವುದು ಮೆಲ್ಲಗೆ, ಕೆಲಸ ಆಗುವುದು ಥಟ್ಟನೆ

ಸೈಕ್ಲಿನ್ ಒಂಟಿಯಾಗಿ ಏನೂ ಮಾಡಲಾರದು. ಅದು ಕೈನೇಸ್ ಎಂಬ ಬಗೆಯ ಕಿಣ್ವವೊಂದಕ್ಕೆ ಅಂಟಿಕೊಂಡಾಗ ಮಾತ್ರ ಆ ಕಿಣ್ವಕ್ಕೆ ಜೀವ ಬರುತ್ತದೆ. ಕೈನೇಸ್‌ಗಳ ಕೆಲಸ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವುದು. ಸೈಕ್ಲಿನ್ ಇಲ್ಲದೆ ನಡೆಯದ ಕೈನೇಸ್ ಆದ್ದರಿಂದ ಸೈಕ್ಲಿನ್ ಅವಲಂಬಿತ ಕೈನೇಸ್, ಚಿಕ್ಕದಾಗಿ ಸಿಡಿಕೆ. ಲೀಲ್ಯಾಂಡ್ ಹಾರ್ಟ್‌ವೆಲ್ ಮೊಗ್ಗೊಡೆಯುವ ಯೀಸ್ಟಿನಲ್ಲಿ, ಪಾಲ್ ನರ್ಸ್ ಸೀಳುವ ಯೀಸ್ಟಿನಲ್ಲಿ ಬೇರೆ ದಾರಿಯಿಂದ ಹುಡುಕುತ್ತ ಹೋಗಿ ಕಂಡುಕೊಂಡ ಜೀನ್‌ಗಳು ಇದೇ ಕೈನೇಸ್‌ನವು. ಮೈಟಾಸಿಸ್ ನಡೆಸುವ ಸೈಕ್ಲಿನ್ ಬಿ ಮತ್ತು ಸಿಡಿಕೆ 1 ಸೇರಿದ ಜೋಡಿಯೇ ಕಪ್ಪೆ ಮೊಟ್ಟೆಯ ಎಂಪಿಎಫ್ ಎಂದು 1980ರ ದಶಕದ ಕೊನೆಗೆ ಸ್ಪಷ್ಟವಾಯಿತು. ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೂ 2001ರ ನೊಬೆಲ್ ಬಂತು.

ಈ ಹಂತದಲ್ಲಿ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಸಹಪಾಠಿಗಳೊಂದಿಗೆ ಪಾಠ ಯೋಜನೆ ಚರ್ಚಿಸುವಾಗ ನಾನೂ ಅದೇ ಚಿತ್ರ ಬರೆದೆ: ಸೈಕ್ಲಿನ್‌ನದು ಒಂದು ಬೆಟ್ಟದಂಥ ಗೆರೆ, ಅದರ ಮೇಲೆಯೇ ಸಿಡಿಕೆಯದು ಇನ್ನೊಂದು ಬೆಟ್ಟದಂಥ ಗೆರೆ. ಇದರಲ್ಲಿ ಎರಡು ತಪ್ಪುಗಳಿವೆ. ಸಿಡಿಕೆ 1ರ ಪ್ರಮಾಣ ಚಕ್ರದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಏರಿಳಿಯುವುದು ಅದರ ಚಟುವಟಿಕೆ. ಎರಡನೆಯದು ಇನ್ನೂ ಮುಖ್ಯ. ಆ ಚಟುವಟಿಕೆಯ ಗೆರೆ ಸೈಕ್ಲಿನ್ ಗೆರೆಯ ನೆರಳಲ್ಲ. ಸೈಕ್ಲಿನ್ ಓರೆಯಾಗಿ, ನಿಧಾನವಾಗಿ ಏರುತ್ತದೆ. ಚಟುವಟಿಕೆ ಬಹಳ ಹೊತ್ತು ನೆಲದಲ್ಲೇ ಮಲಗಿದ್ದು, ಒಂದು ಹಂತದಲ್ಲಿ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಹಾಗಲ್ಲದೆ ಎರಡೂ ಜೊತೆಜೊತೆಯಾಗಿ ಏರುವಂತಿದ್ದರೆ, ಸೈಕ್ಲಿನ್ ಅರ್ಧಕ್ಕೆ ಬಂದಾಗ ವರ್ಣತಂತುಗಳು ಅರ್ಧ ಸಾಂದ್ರವಾಗಿ, ಕೋಶಕೇಂದ್ರದ ಪೊರೆ ಅರ್ಧ ಒಡೆದು ಕೋಶ ನಡುದಾರಿಯಲ್ಲಿ ನಿಲ್ಲಬೇಕಿತ್ತು.

ಇದನ್ನು ಹೇಗೆ ತೋರಿಸುವುದು ಎಂದು ಯೋಚಿಸುವಾಗ ನನಗೆ ನೆನಪಾದದ್ದು ಗಳಿಗೆ ಬಟ್ಟಲು. ಹಿಂದೆ ಮದುವೆಯ ಮುಹೂರ್ತ ನೋಡಲು ಬಳಸುತ್ತಿದ್ದ ಈ ಬಟ್ಟಲಿನ ತಳದಲ್ಲಿ ಸಣ್ಣ ತೂತಿರುತ್ತದೆ. ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಒಂದೇ ಸಮನೆ ಒಳಬರುತ್ತದೆ. ನೋಡುವವರಿಗೆ ಬಹಳ ಹೊತ್ತು ಏನೂ ಆಗುತ್ತಿಲ್ಲ ಎನಿಸುತ್ತದೆ. 24 ನಿಮಿಷಕ್ಕೆ, ಅಂದರೆ ಒಂದು ಗಳಿಗೆಗೆ, ಬಟ್ಟಲು ಗುಳುಕ್ಕೆಂದು ಮುಳುಗುತ್ತದೆ. ಅರ್ಧ ತುಂಬಿದಾಗ ಅರ್ಧ ಮುಳುಗಿ ಕೆಲಸ ಶುರುಮಾಡುವ ಬಟ್ಟಲು ಯಾವ ಮುಹೂರ್ತಕ್ಕೂ ಉಪಯೋಗವಿಲ್ಲ.

ನಾನು ಮನೆಯ ತೆಳುವಾದ ಸ್ಟೀಲ್ ಬಟ್ಟಲಿಗೆ ಸಣ್ಣ ಮೊಳೆಯಿಂದ ತೂತು ಮಾಡಿ, ಬಕೆಟ್ ನೀರಿನೊಂದಿಗೆ ತರಗತಿಗೆ ಹೋದೆ. ನಮ್ಮ ಬಟ್ಟಲು ಸುಮಾರು ನಾಲ್ಕು ನಿಮಿಷಕ್ಕೆ ಮುಳುಗುತ್ತಿತ್ತು. ಒಳಗೆ ನೀರು ಏರುವುದನ್ನು ಒಬ್ಬ ಹುಡುಗ ಅರ್ಧ ನಿಮಿಷಕ್ಕೊಮ್ಮೆ ಸ್ಕೇಲಿನಿಂದ ಅಳೆದು ಹೇಳಿದ, ಇನ್ನೊಬ್ಬಳು ಕರಿಹಲಗೆಯ ಮೇಲೆ ಗುರುತು ಹಾಕಿದಳು. ಓರೆಗೆರೆ ತಾನಾಗಿಯೇ ಬಂತು. ಮುಳುಗಿದ ಕ್ಷಣವನ್ನು ಅದರ ಕೆಳಗೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ನೆಟ್ಟಗೆರೆಯಾಗಿ ಬರೆದೆವು. (ಈ ಪ್ರಯೋಗಕ್ಕೆ ತೂತು ದೊಡ್ಡದಾದರೆ ಪಾಠ ಕೆಡುತ್ತದೆ. ಅಳೆಯುವ ಮೊದಲೇ ಬಟ್ಟಲು ತಳ ಸೇರುತ್ತದೆ. ಮನೆಯಲ್ಲಿ ಒಮ್ಮೆ ನೋಡಿಕೊಂಡು ಹೋಗುವುದು ಒಳ್ಳೆಯದು.)

ಕೋಶದಲ್ಲಿ ಈ ಥಟ್ಟನೆಯ ಬದಲಾವಣೆ ಬರುವುದು ಎರಡು ಎದುರಾಳಿ ಕಿಣ್ವಗಳಿಂದ. ವೀ 1 ಎಂಬುದು ಸೈಕ್ಲಿನ್-ಸಿಡಿಕೆ ಜೋಡಿಗೆ ಫಾಸ್ಫೇಟ್ ಅಂಟಿಸಿ ಅದನ್ನು ಬೀಗ ಹಾಕಿದಂತೆ ಸುಮ್ಮನಿರಿಸುತ್ತದೆ. ಸಿಡಿಸಿ 25 ಎಂಬುದು ಆ ಬೀಗ ತೆಗೆಯುತ್ತದೆ. ಹಾಗಾಗಿ ಸೈಕ್ಲಿನ್ ಬಂದು ಜೋಡಿಯಾಗುತ್ತಿದ್ದರೂ ಆ ಜೋಡಿಗಳು ಬೀಗ ಹಾಕಿಕೊಂಡೇ ಕೂಡಿಡಲ್ಪಡುತ್ತವೆ. ಈಗ ಮುಖ್ಯ ಸಂಗತಿ: ಬೀಗ ತೆಗೆದುಕೊಂಡ ಪ್ರತಿ ಸಿಡಿಕೆಯೂ ಸಿಡಿಸಿ 25ನ್ನು ಚುರುಕುಗೊಳಿಸುತ್ತದೆ, ವೀ 1ನ್ನು ಸುಮ್ಮನಿರಿಸುತ್ತದೆ. ಜೋಡಿಗಳು ಕಡಿಮೆ ಇರುವಷ್ಟು ಹೊತ್ತು ವೀ 1ದೇ ಮೇಲುಗೈ. ಒಂದು ಮಟ್ಟ ದಾಟಿದೊಡನೆ ತೆರೆದ ಕೆಲವು ಜೋಡಿಗಳು ಇನ್ನಷ್ಟನ್ನು ತೆರೆಸುತ್ತವೆ, ಅವು ಮತ್ತಷ್ಟನ್ನು. ಕೂಡಿಟ್ಟದ್ದೆಲ್ಲ ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುತ್ತದೆ. ವೀ 1 ಎಂಬ ಹೆಸರೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ಮಾತಿನಲ್ಲಿ ವೀ ಎಂದರೆ ಚಿಕ್ಕದು. ಎಡಿನ್‌ಬರೋದಲ್ಲಿದ್ದ ನರ್ಸ್ ಈ ಜೀನ್ ಕೆಟ್ಟ ಯೀಸ್ಟ್ ಕೋಶಗಳು ಚಿಕ್ಕವಾಗಿರುವುದನ್ನು ಕಂಡರು. ಬೀಗ ಹಾಕುವವನೇ ಇಲ್ಲದಿದ್ದರೆ ಕೋಶ ಬೆಳೆಯುವ ಮುಂಚೆಯೇ ವಿಭಜನೆಗೆ ಇಳಿಯುತ್ತದೆ.

"ಬಟ್ಲ್ ಮೇಲೆ ತೆಗುದ್ ಯಾರ್?"

ಬಟ್ಟಲು ಮುಳುಗಿದಾಗ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಪ್ರಶ್ನೆಗಿಂತ ಚೆನ್ನಾಗಿತ್ತು. ಗಳಿಗೆ ಬಟ್ಟಲಿಗೆ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು. ಮುಳುಗಿದ್ದನ್ನು ನೋಡಿ, ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಬೇಕು. ಕೋಶದಲ್ಲಿ ಹಾಗೆ ಕಾಯುವವರಿಲ್ಲ. ಅಲ್ಲಿ ಬಟ್ಟಲು ಮುಳುಗುವುದೇ ಎತ್ತುವವನನ್ನು ಎಬ್ಬಿಸುತ್ತದೆ.

ಆ ಎತ್ತುವವನ ಹೆಸರು ಎಪಿಸಿ, ಹಲವು ಪ್ರೋಟೀನ್‌ಗಳು ಸೇರಿದ ಒಂದು ದೊಡ್ಡ ಕಿಣ್ವ. ಚುರುಕಾದ ಸಿಡಿಕೆ 1 ಮೈಟಾಸಿಸ್ ಶುರುಮಾಡುವ ಜೊತೆಗೇ ಎಪಿಸಿಯನ್ನೂ ಕೆಲಸಕ್ಕೆ ಹಚ್ಚುತ್ತದೆ, ಆದರೆ ಕೊಂಚ ತಡವಾಗಿ. ಎಪಿಸಿ ಸೈಕ್ಲಿನ್‌ಗೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನಿನ ಸರಪಣಿ ಅಂಟಿಸುತ್ತದೆ. ಆ ಸರಪಣಿ ಕಂಡ ಪ್ರೋಟಿಯಾಸೋಮ್ ಸೈಕ್ಲಿನನ್ನು ಚೂರು ಮಾಡುತ್ತದೆ. ಸೈಕ್ಲಿನ್ ಹೋದರೆ ಸಿಡಿಕೆ ಮತ್ತೆ ನಿದ್ದೆಗೆ. ಹಂಟ್ ಫಿಲ್ಮಿನಲ್ಲಿ ಪಟ್ಟಿ ಮಾಯವಾದದ್ದು ಈ ಕಾರಣಕ್ಕೆ. ಸಿಡಿಕೆ ಹೀಗೆ ತನ್ನನ್ನು ಎಬ್ಬಿಸಿದ ಸೈಕ್ಲಿನಿನ ನಾಶಕ್ಕೆ ತಾನೇ ಚಾಲನೆ ಕೊಡುತ್ತದೆ.

ಇಷ್ಟೇ ಸಾಕೇ, ಇನ್ನೇನಾದರೂ ಬೇಕೇ ಎಂಬುದನ್ನು 1989ರಲ್ಲಿ ಆಂಡ್ರ್ಯೂ ಮರ್ರೆ ಮತ್ತು ಮಾರ್ಕ್ ಕರ್ಶ್ನರ್ ಪರೀಕ್ಷಿಸಿದರು. ಕಪ್ಪೆ ಮೊಟ್ಟೆಗಳನ್ನು ಒಡೆದು ಕೋಶದ್ರವ್ಯವನ್ನು ಟ್ಯೂಬಿನಲ್ಲಿ ತೆಗೆದುಕೊಂಡರು. ಅದರೊಳಗೆ ಚಕ್ರ ನಡೆಯುತ್ತಿದೆಯೇ ಎಂದು ನೋಡಲು ವೀರ್ಯಾಣುಗಳ ಕೋಶಕೇಂದ್ರಗಳನ್ನು ಸೇರಿಸಿದರು. ಅವುಗಳ ಪೊರೆ ಒಡೆದು ವರ್ಣತಂತು ಸಾಂದ್ರವಾದರೆ ಮೈಟಾಸಿಸ್, ಮತ್ತೆ ಪೊರೆ ಮೂಡಿದರೆ ಇಂಟರ್‌ಫೇಸ್. ಬಳಿಕ ಕಿಣ್ವವೊಂದರಿಂದ ಆ ದ್ರವದಲ್ಲಿದ್ದ ಕಪ್ಪೆಯ ಸಂದೇಶವಾಹಕ ಆರ್‌ಎನ್‌ಎಯನ್ನೆಲ್ಲ ನಾಶಮಾಡಿದರು. ಯಾವ ಹೊಸ ಪ್ರೋಟೀನೂ ತಯಾರಾಗದೆ ಚಕ್ರ ನಿಂತಿತು. ನಾಶಮಾಡಿದ ಕಿಣ್ವವನ್ನು ತಡೆದು, ಒಂದೇ ಒಂದು ಆರ್‌ಎನ್‌ಎಯನ್ನು ವಾಪಸ್ಸು ಹಾಕಿದರು: ಸೀ ಅರ್ಚಿನ್‌ನ ಸೈಕ್ಲಿನ್ ಬಿಯದು. ಕಪ್ಪೆಯ ದ್ರವದಲ್ಲಿ ಚಕ್ರ ಮತ್ತೆ ತಿರುಗತೊಡಗಿತು. ಇನ್ನೊಂದು ಟ್ಯೂಬಿಗೆ ಮೊದಲ 90 ಅಮೈನೋ ಆಮ್ಲಗಳನ್ನು ಕತ್ತರಿಸಿದ ಸೈಕ್ಲಿನಿನ ಆರ್‌ಎನ್‌ಎ ಹಾಕಿದರು. ನಾಶಕ್ಕೆ ಬೇಕಾದ ಗುರುತು ಇರುವುದು ಆ ಭಾಗದಲ್ಲಿ. ಅಲ್ಲಿ ದ್ರವ ಮೈಟಾಸಿಸ್‌ಗೆ ಹೋಯಿತು, ಹೊರಬರಲಿಲ್ಲ. ಚಕ್ರ ಮುಂದೆ ಹೋಗಲು ಸೈಕ್ಲಿನ್ ತಯಾರಾಗುವುದು ಎಷ್ಟು ಅಗತ್ಯವೋ ನಾಶವಾಗುವುದೂ ಅಷ್ಟೇ ಅಗತ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಗಲಿಲ್ಲ.

ಲೆಕ್ಕ ಹಾಕಿ ನೋಡಿದಾಗ

ಏರುವ ವಸ್ತು ತನ್ನನ್ನು ತಾನೇ ಇಳಿಸಿಕೊಳ್ಳುವುದಾದರೆ, ಅದು ನಡುವೆ ಎಲ್ಲೋ ಒಂದು ಮಟ್ಟದಲ್ಲಿ ನಿಂತುಬಿಡಬೇಕಲ್ಲವೇ ಎಂದು ಸಹಪಾಠಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ಒಂದು ಸಣ್ಣ ಲೆಕ್ಕ ಮಾಡಿದೆವು. ಇದರ ಸಂಖ್ಯೆಗಳು ಲೆಕ್ಕದ ಅನುಕೂಲಕ್ಕೆ ನಾವೇ ಇಟ್ಟುಕೊಂಡವು, ಅಳೆದವಲ್ಲ.

ಸೈಕ್ಲಿನ್ ನಿಮಿಷಕ್ಕೆ 1 ಘಟಕದಂತೆ ತಯಾರಾಗುತ್ತದೆ ಎನ್ನಿ. 30 ಘಟಕ ತಲುಪಿದಾಗ ಸಿಡಿಕೆ ಚುರುಕಾಗುತ್ತದೆ. ಹಾಗೆ ಚುರುಕಾದದ್ದು ಸೈಕ್ಲಿನ್ 15ಕ್ಕಿಂತ ಕೆಳಗಿಳಿದಾಗ ಮಾತ್ರ ನಿಲ್ಲುತ್ತದೆ. ಸಿಡಿಕೆ ಚುರುಕಾದ 5 ನಿಮಿಷದ ಮೇಲೆ ಎಪಿಸಿ ಏಳುತ್ತದೆ, ಎದ್ದ ಮೇಲೆ ನಿಮಿಷಕ್ಕೆ 7 ಘಟಕ ಸೈಕ್ಲಿನ್ ನಾಶಮಾಡುತ್ತದೆ. 10ನೇ ನಿಮಿಷಕ್ಕೆ ಸೈಕ್ಲಿನ್ 10, ಸಿಡಿಕೆ ಚಟುವಟಿಕೆ ಇಲ್ಲ. 20ನೇ ನಿಮಿಷಕ್ಕೆ 20, ಆಗಲೂ ಇಲ್ಲ. 30ಕ್ಕೆ ಥಟ್ಟನೆ ಪೂರ್ತಿ. ಎಪಿಸಿ ಏಳುವಷ್ಟರಲ್ಲಿ, 35ನೇ ನಿಮಿಷಕ್ಕೆ, ಸೈಕ್ಲಿನ್ 35 ಆಗಿರುತ್ತದೆ. ಅಲ್ಲಿಂದ 7 ಹೋಗಿ 1 ಬರುವುದರಿಂದ ನಿಮಿಷಕ್ಕೆ 6ರಂತೆ ಇಳಿಯುತ್ತದೆ: 29, 23, 17, 11. ಸೈಕ್ಲಿನ್ 29ಕ್ಕೆ, 23ಕ್ಕೆ, 17ಕ್ಕೆ ಇಳಿದಾಗಲೂ ಸಿಡಿಕೆ ಪೂರ್ತಿ ಚುರುಕಾಗಿಯೇ ಇದೆ ಎಂಬುದನ್ನು ಗಮನಿಸಿ. 39ನೇ ನಿಮಿಷಕ್ಕೆ 11ಕ್ಕೆ ಬಂದಾಗ ಅದು ನಿಲ್ಲುತ್ತದೆ, ತುಸು ಹೊತ್ತಿನಲ್ಲಿ ಎಪಿಸಿಯೂ ಸುಮ್ಮನಾಗುತ್ತದೆ, ಸೈಕ್ಲಿನ್ ಮತ್ತೆ ಏರತೊಡಗುತ್ತದೆ.

ಈಗ ಚುರುಕಾಗುವ ಮಟ್ಟವನ್ನೂ ನಿಲ್ಲುವ ಮಟ್ಟವನ್ನೂ 30ಕ್ಕೇ ಇಟ್ಟು, ಎಪಿಸಿಯ ತಡವನ್ನೂ ತೆಗೆದುಹಾಕಿ. 30 ಮುಟ್ಟಿದೊಡನೆ ನಾಶ ಶುರು, ಚೂರು ಇಳಿದೊಡನೆ ನಾಶ ನಿಂತಿತು, ಮತ್ತೆ ಚೂರು ಏರಿತು. ಸೈಕ್ಲಿನ್ 30ರ ಆಸುಪಾಸಿನಲ್ಲೇ ತೊನೆಯುತ್ತ ನಿಲ್ಲುತ್ತದೆ, ಚಕ್ರ ತಿರುಗುವುದಿಲ್ಲ. ಸಹಪಾಠಿ ಹೇಳಿದ್ದು ಈ ಸ್ಥಿತಿಗೆ ಸರಿ. ನಿಜವಾದ ಕೋಶದಲ್ಲಿ ಏರುವ ಮಟ್ಟ ಒಂದು, ಇಳಿಯುವ ಮಟ್ಟ ಅದಕ್ಕಿಂತ ಕೆಳಗೆ ಎಂಬುದನ್ನು 2003ರಲ್ಲಿ ಎರಡು ತಂಡಗಳು ಕಪ್ಪೆ ಮೊಟ್ಟೆಯ ದ್ರವದಲ್ಲೇ ಅಳೆದು ತೋರಿಸಿದವು. ಒಮ್ಮೆ ಚುರುಕಾದ ಸಿಡಿಕೆಯನ್ನು ಚುರುಕಾಗಿ ಉಳಿಸಿಕೊಳ್ಳಲು, ಮೊದಲ ಸಲ ಎಬ್ಬಿಸಲು ಬೇಕಾದದ್ದಕ್ಕಿಂತ ಎಷ್ಟೋ ಕಡಿಮೆ ಸೈಕ್ಲಿನ್ ಸಾಕಾಗುತ್ತದೆ. ವೀ 1 ಆಗ ಸುಮ್ಮನಾಗಿರುವುದೇ ಅದಕ್ಕೆ ಕಾರಣ. ಬಟ್ಟಲಿನ ಹೋಲಿಕೆಯೂ ಇಲ್ಲಿ ಸರಿಹೊಂದುತ್ತದೆ. ಮುಳುಗಿದ ಬಟ್ಟಲಿನಿಂದ ಒಂದು ಚಮಚ ನೀರು ತೆಗೆದರೆ ಅದು ಮತ್ತೆ ತೇಲುವುದಿಲ್ಲ.

ಗೌರಿ ಹೂವಿನ ವಿಷ

ಎಪಿಸಿಗೆ ಇನ್ನೊಂದು ಕೆಲಸವಿದೆ. ಜೋಡಿ ವರ್ಣತಂತುಗಳನ್ನು ಅಂಟಿಸಿಟ್ಟಿರುವ ಹಿಡಿತವನ್ನು ಸಡಿಲಿಸುವುದೂ ಅದರ ಕೈಯಲ್ಲೇ ಇದೆ. ಹಾಗಾಗಿ ಅದು ಆತುರಪಟ್ಟರೆ ಅಪಾಯ. ಯಾವುದಾದರೂ ಒಂದು ವರ್ಣತಂತು ಕದಿರೆಳೆಗೆ ಸಿಕ್ಕಿಕೊಳ್ಳುವ ಮುಂಚೆಯೇ ಎಪಿಸಿ ಎದ್ದರೆ, ಮರಿಕೋಶವೊಂದಕ್ಕೆ ಒಂದು ವರ್ಣತಂತು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಂದುಬಿಡಬಹುದು. ಅದನ್ನು ತಪ್ಪಿಸಲು, ಎಳೆಗೆ ಸಿಕ್ಕದ ವರ್ಣತಂತು ಒಂದೇ ಉಳಿದಿದ್ದರೂ ಅದು ಎಪಿಸಿಯನ್ನು ತಡೆಹಿಡಿಯುವ ಸಂಕೇತ ಕಳಿಸುತ್ತಿರುತ್ತದೆ. ಎಲ್ಲವೂ ಸಿಕ್ಕಿಕೊಂಡ ಮೇಲೆ ಸಂಕೇತ ನಿಲ್ಲುತ್ತದೆ, ಎಪಿಸಿ ಏಳುತ್ತದೆ, ಅನಾಫೇಸ್ ಶುರುವಾಗುತ್ತದೆ.

ಇದನ್ನು ಕೆಡಿಸುವ ವಸ್ತು ನಮ್ಮ ಬೇಲಿಗಳಲ್ಲೇ ಇದೆ. ಮಳೆಗಾಲದಲ್ಲಿ ಕೆಂಪು ಹಳದಿ ಬೆಂಕಿಯಂತೆ ಅರಳುವ ಗೌರಿ ಹೂ, ಅಂದರೆ ಅಗ್ನಿಶಿಖೆ, ತನ್ನ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಿಷವನ್ನು ಇಟ್ಟುಕೊಂಡಿದೆ. ಕಾಲ್ಚಿಸಿನ್ ಕದಿರೆಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಎಳೆಯೇ ಇಲ್ಲದ ಮೇಲೆ ಯಾವ ವರ್ಣತಂತುವೂ ಸಿಕ್ಕಿಕೊಳ್ಳುವುದಿಲ್ಲ, ತಡೆಸಂಕೇತ ನಿಲ್ಲುವುದಿಲ್ಲ, ಎಪಿಸಿ ಏಳುವುದಿಲ್ಲ, ಸೈಕ್ಲಿನ್ ಬಿ ನಾಶವಾಗುವುದಿಲ್ಲ. ಕೋಶ ವರ್ಣತಂತುಗಳನ್ನು ಸಾಂದ್ರಗೊಳಿಸಿಕೊಂಡು ಅಲ್ಲೇ ನಿಂತುಬಿಡುತ್ತದೆ. ವರ್ಣತಂತುಗಳನ್ನು ಎಣಿಸಬೇಕಾದಾಗ ಪ್ರಯೋಗಾಲಯಗಳಲ್ಲಿ ಕಾಲ್ಚಿಸಿನ್ ಅಥವಾ ಅದರ ಹತ್ತಿರದ ರಾಸಾಯನಿಕ ಬಳಸುವುದು ಇದಕ್ಕಾಗಿಯೇ, ಎಣಿಸಲು ಸಾಲುವಷ್ಟು ಕೋಶಗಳು ಆ ಹಂತದಲ್ಲಿ ಸಿಗಲಿ ಎಂದು. ಕಾರಣದ ಸರಪಣಿಯನ್ನು ಎಳೆಯಿಂದ ಸೈಕ್ಲಿನ್‌ವರೆಗೆ ಹೀಗೆ ಒಂದೊಂದೇ ಕೊಂಡಿಯಾಗಿ ಹೇಳದಿದ್ದರೆ, "ಕಾಲ್ಚಿಸಿನ್ ವಿಭಜನೆ ನಿಲ್ಲಿಸುತ್ತದೆ" ಎಂಬ ವಾಕ್ಯ ಬಾಯಿಪಾಠವಾಗಿಯೇ ಉಳಿಯುತ್ತದೆ. ತರಗತಿಯಲ್ಲಿ ನಾನು ಹೂವಿನ ಚಿತ್ರ ಮಾತ್ರ ತೋರಿಸಿದೆ. ಆ ಗಡ್ಡೆ ತಿಂದರೆ ಪ್ರಾಣಕ್ಕೆ ಅಪಾಯ, ಯಾರೂ ಕಿತ್ತು ತರಬಾರದು ಎಂದು ಎರಡು ಸಲ ಹೇಳಿದೆ. ಸಹೋದ್ಯೋಗಿಗಳೂ ಇದನ್ನು ಮರೆಯಬಾರದು, ನಮ್ಮ ಮಕ್ಕಳು ಹೇಳಿದ್ದನ್ನು ಮಾರನೆಯ ದಿನವೇ ಹಿಡಿದುಕೊಂಡು ಬರುವವರು.

ಹೋಲಿಕೆ ಎಲ್ಲಿ ಸೋಲುತ್ತದೆ

ಇಲ್ಲಿಯವರೆಗೆ ಹೇಳಿದ್ದು ಮೊಟ್ಟೆಯ ಚಕ್ರ. ಅದು ಬೆಳೆಯಲು ಕಾಯುವುದಿಲ್ಲ. ತಾಯಿ ತುಂಬಿಟ್ಟ ಆರ್‌ಎನ್‌ಎಯಿಂದ ಸೈಕ್ಲಿನ್ ತಯಾರಿಸುತ್ತ, ಅರ್ಧ ತಾಸಿಗೊಮ್ಮೆ ಸೀಳುತ್ತ ಹೋಗುತ್ತದೆ. ಕೋಶಕೇಂದ್ರವಿಲ್ಲದೆಯೂ ಗಡಿಯಾರ ನಡೆದದ್ದು ಅದಕ್ಕೇ. ನಮ್ಮ ಚರ್ಮದ ಕೋಶಕ್ಕೆ ಆ ದಾಸ್ತಾನಿಲ್ಲ. ಅದು ತನ್ನ ಕೋಶಕೇಂದ್ರದ ಜೀನ್‌ಗಳಿಂದ ಆರ್‌ಎನ್‌ಎ ನಕಲಿಸಿಯೇ ಸೈಕ್ಲಿನ್ ತಯಾರಿಸಬೇಕು. ಆ ಮಟ್ಟಿಗೆ ನನ್ನ ಮೊದಲ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಕೋಶಕೇಂದ್ರ ಅಲ್ಲಿ ಸಾಮಾನು ಒದಗಿಸುತ್ತದೆ, ಸಮಯ ಹೇಳುವುದಿಲ್ಲ.

ಚಕ್ರಕ್ಕೆ ಸುಮಾರು 24 ತಾಸು ತೆಗೆದುಕೊಳ್ಳುವ ಮನುಷ್ಯನ ಕೋಶದಲ್ಲಿ ಸೈಕ್ಲಿನ್ ಒಂದೇ ಅಲ್ಲ. ಡಿಎನ್‌ಎ ನಕಲು ಶುರುವಾಗುವ ಹೊತ್ತಿಗೆ ಸೈಕ್ಲಿನ್ ಇ, ನಕಲಿನ ಉದ್ದಕ್ಕೂ ಸೈಕ್ಲಿನ್ ಎ, ಮೈಟಾಸಿಸ್‌ಗೆ ಸೈಕ್ಲಿನ್ ಬಿ ಒಂದರ ಹಿಂದೊಂದು ಬಂದು ಹೋಗುತ್ತವೆ. ಸೈಕ್ಲಿನ್ ಡಿ ಈ ಸಾಲಿಗೆ ಸೇರುವುದಿಲ್ಲ. ಪುಸ್ತಕಗಳ ಚಿತ್ರದಲ್ಲಿ ಅದಕ್ಕೂ ಉಳಿದವುಗಳಂತೆ ಒಂದು ಅಲೆ ಬರೆದಿರುವುದುಂಟು. ಆದರೆ ಅದು ಮುಖ್ಯವಾಗಿ ಹೊರಗಿನ ಬೆಳವಣಿಗೆಯ ಸಂಕೇತಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಾಯವಾದಾಗ ಸುತ್ತಲಿನ ಕೋಶಗಳಿಗೆ ವಿಭಜನೆಗೆ ಅಪ್ಪಣೆ ಸಿಗುವ ಬಾಗಿಲು ಅದು. ಇದನ್ನು ನಾನು 9ನೇ ತರಗತಿಗೆ ಹೇಳಲಿಲ್ಲ. ಪಿಯುಸಿಗೆ ಪಾಠ ಮಾಡುವವರು ಹೇಳಬೇಕಾದೀತು.

ಎರಡನೇ ಅವಧಿಯ ಕೊನೆಗೆ ಮೌಲ್ಯಮಾಪನಕ್ಕೆ ಹೆಸರುಗಳನ್ನು ಕೇಳಲಿಲ್ಲ. ಕರಿಹಲಗೆಯ ಮೇಲೆ ಸೈಕ್ಲಿನ್‌ನ ಓರೆಗೆರೆ ಬರೆದು, "ನಾಶಮಾಡುವ ಕಿಣ್ವ ಕೆಟ್ಟುಹೋದ ಕೋಶದಲ್ಲಿ ಈ ಗೆರೆ ಮುಂದೆ ಹೇಗೆ ಹೋಗುತ್ತದೆ? ಆ ಕೋಶ ಯಾವ ಹಂತದಲ್ಲಿ ಕಾಣುತ್ತದೆ?" ಎಂದು ಮಾತ್ರ ಕೇಳಿದೆ. ಸುಮಾರು ಅರ್ಧದಷ್ಟು ಮಕ್ಕಳು ಗೆರೆಯನ್ನು ಇಳಿಸದೆ ಮೇಲೆಯೇ ಎಳೆದು, ಕೋಶ ಮೆಟಾಫೇಸ್‌ನಲ್ಲಿ ನಿಲ್ಲುತ್ತದೆ ಎಂದು ಬರೆದರು. ಉಳಿದವರಲ್ಲಿ ಹಲವರು ಕೋಶ ಮತ್ತೆ ಮತ್ತೆ ವಿಭಜನೆಯಾಗುತ್ತಲೇ ಇರುತ್ತದೆ ಎಂದು ಬರೆದರು. ಸೈಕ್ಲಿನ್ ಹೆಚ್ಚಿದಷ್ಟೂ ವಿಭಜನೆ ಹೆಚ್ಚು ಎಂಬ ಯೋಚನೆ ಅವರಲ್ಲಿ ಉಳಿದಿದೆ, ಮರ್ರೆಯವರ ಎರಡನೇ ಟ್ಯೂಬನ್ನು ನಾನು ಬೇಗ ದಾಟಿಬಿಟ್ಟಿದ್ದೆ. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿ ಗೆರೆಯನ್ನು ಸರಿಯಾಗಿ ಎಳೆದು, ಪಕ್ಕದಲ್ಲಿ ತಳ ಸೇರಿದ ಒಂದು ಬಟ್ಟಲಿನ ಚಿತ್ರ ಬರೆದು, ಅದರ ಕೆಳಗೆ "ತೆಗಿಯುವರ್ ಇಲ್ಲೆ" ಎಂದು ಬರೆದಿದ್ದಳು.